ನೀರಲ್ಲಿ ಓಡಿದ್ದು ಎದೆಗೆ ಗೊತ್ತು, ಮೂಳೆಗೆ ಗೊತ್ತಿಲ್ಲ

2008ರ ಬೀಜಿಂಗ್ ಒಲಿಂಪಿಕ್ಸ್‌ನ ಮಹಿಳೆಯರ ಮ್ಯಾರಥಾನ್‌ನಲ್ಲಿ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 23ನೆಯವರಾಗಿ ಗುರಿ ಮುಟ್ಟಿದರು. ಆಗ ವಿಶ್ವದಾಖಲೆ ಅವರ ಹೆಸರಿನಲ್ಲೇ ಇತ್ತು: 2003ರಲ್ಲಿ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡು. ಬೀಜಿಂಗ್‌ನಲ್ಲಿ ತೆಗೆದುಕೊಂಡದ್ದು ಎರಡೂವರೆ ಗಂಟೆಗೂ ಹೆಚ್ಚು. ಕೆಲವೇ ತಿಂಗಳ ಹಿಂದೆ ಅವರ ತೊಡೆಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಪತ್ತೆಯಾಗಿತ್ತು. ನೆಲದ ಮೇಲೆ ಓಡಲು ಸಿಕ್ಕ ದಿನಗಳು ಬಹಳ ಕಡಿಮೆ. ಉಳಿದ ತಯಾರಿಯೆಲ್ಲ ಕಾಲಿಗೆ ಹೊಡೆತ ಬೀಳದ ಬದಲಿ ವ್ಯಾಯಾಮಗಳಲ್ಲೇ ನಡೆದಿತ್ತು. ಓಟದ ಮುಕ್ಕಾಲು ಪಾಲು ಮುಂದಿನ ಗುಂಪಿನ ಆಸುಪಾಸಿನಲ್ಲೇ ಇದ್ದವರು ಕೊನೆಯ ಹಂತದಲ್ಲಿ ಮೀನಖಂಡ ಹಿಡಿದುಕೊಂಡು ನಿಂತುಬಿಟ್ಟರು. ಕಾಲು ಎಳೆದು ಸಡಿಲಿಸಿಕೊಂಡು, ಕುಂಟುತ್ತಲೇ ಓಟ ಮುಗಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು.

ಆ ದಿನ ಅವರಿಗೆ ಕೈಕೊಟ್ಟದ್ದು ಉಸಿರಲ್ಲ, ಮೀನಖಂಡ. ಸ್ಟ್ರೆಸ್ ಫ್ರ್ಯಾಕ್ಚರ್ ಆದವರು ಈಜುಕೊಳಕ್ಕೆ ಇಳಿಯುವ ಮುನ್ನ, ಸೈಕಲ್ ಹತ್ತುವ ಮುನ್ನ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಇದರಲ್ಲೇ ಇದೆ. ಆಳದ ನೀರಿನಲ್ಲಿ ಓಡುವುದು, ಸೈಕಲ್ ತುಳಿಯುವುದು, ಈ ಎರಡು ವ್ಯಾಯಾಮಗಳು ಹೃದಯ, ಶ್ವಾಸಕೋಶ, ರಕ್ತ ಇವುಗಳ ಕಸುವನ್ನು ಅಚ್ಚರಿಯಾಗುವಷ್ಟು ಚೆನ್ನಾಗಿ ಕಾಪಾಡುತ್ತವೆ. ಮೂಳೆಯನ್ನೂ ಮೀನಖಂಡವನ್ನೂ ಓಟಕ್ಕೆ ಸಿದ್ಧಪಡಿಸುವುದಿಲ್ಲ. ಎತ್ತುಗಳು ಮೇದು ಬಲವಾಗಿ ನಿಂತಿವೆ, ಗಾಡಿಯ ಅಚ್ಚಿಗೆ ಹಾಕಿದ ಬೆಸುಗೆ ಮಾತ್ರ ಇನ್ನೂ ಹಸಿ, ಅಂಥ ಸ್ಥಿತಿ. ಅನಾಹುತ ಹೆಚ್ಚಾಗಿ ಆಗುವುದು ವಿಶ್ರಾಂತಿಯ ವಾರಗಳಲ್ಲಲ್ಲ, ಮತ್ತೆ ಓಡಲು ಹೊರಟ ಮೊದಲ ವಾರಗಳಲ್ಲಿ.

ಮೊದಲು ಮೂಳೆಯ ವಿಚಾರ. ನಿಧಾನ ಓಟದಲ್ಲಿ ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಬೀಳುತ್ತವೆ. ಪ್ರತಿ ಹೆಜ್ಜೆಗೂ ದೇಹತೂಕದ ಎರಡು–ಮೂರು ಪಟ್ಟು ಬಲ ನೆಲದಿಂದ ಕಾಲಿಗೆ ಬರುತ್ತದೆ. ಮೊಣಕಾಲ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದೊಳಗೆ, ಮೀನಖಂಡದ ಸ್ನಾಯುಗಳ ಎಳೆತವೂ ಸೇರಿ, ಒತ್ತಡ ಇನ್ನೂ ಹೆಚ್ಚು. ಇದರಿಂದ ಮೂಳೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಆಗುತ್ತಲೇ ಇರುತ್ತವೆ. ಅದು ಸಹಜ. ಹಾಳಾದ ಭಾಗವನ್ನು ಒಂದು ಬಗೆಯ ಜೀವಕೋಶಗಳು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸ ಮೂಳೆ ಕಟ್ಟುತ್ತವೆ. ತೊಡಕು ಇರುವುದು ಇವೆರಡರ ವೇಗದಲ್ಲಿ. ಕೆರೆಯುವ ಕೆಲಸ ಸುಮಾರು ಮೂರು ವಾರದಲ್ಲಿ ಮುಗಿದರೆ, ಕಟ್ಟಿ ಗಟ್ಟಿಯಾಗಲು ಮೂರು ತಿಂಗಳು ಹಿಡಿಯುತ್ತದೆ. ಈ ನಡುವಿನ ದಿನಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಆಗಲೇ ಓಟದ ದೂರವನ್ನು ಒಮ್ಮೆಲೇ ಏರಿಸಿದರೆ ಸಣ್ಣ ಬಿರುಕುಗಳು ಕೂಡಿಕೊಂಡು ದೊಡ್ಡದಾಗುತ್ತವೆ. 19ನೇ ಶತಮಾನದ ನಡುವಿನಲ್ಲೇ ಪ್ರಷ್ಯಾದ ಒಬ್ಬ ಸೇನಾ ವೈದ್ಯ ದೂರ ನಡೆದ ಸೈನಿಕರ ಊದಿದ, ನೋಯುವ ಪಾದಗಳ ಬಗ್ಗೆ ಬರೆದಿದ್ದ. ಅದರ ಹಿಂದಿರುವುದು ಮೂಳೆಯ ಬಿರುಕು ಎಂದು ಗೊತ್ತಾದದ್ದು ಎಕ್ಸ್‌ರೇ ಬಂದ ಮೇಲೆ. ಆದರೂ ಮೊದಲ ಎರಡು–ಮೂರು ವಾರ ಎಕ್ಸ್‌ರೇಯಲ್ಲಿ ಇದು ಹಲವು ಸಲ ಕಾಣುವುದೇ ಇಲ್ಲ. ‘ಎಕ್ಸ್‌ರೇ ಕ್ಲೀನ್ ಇದೆ, ಓಡಿ’ ಎಂಬ ಮಾತು ನಂಬಿ ಕೆಟ್ಟವರು ಕಡಿಮೆಯಿಲ್ಲ. ಆರಂಭದಲ್ಲೇ ಹಿಡಿಯುವುದು ಎಂಆರ್‌ಐ.

ಓಟ ನಿಲ್ಲಿಸಿದ ಮೇಲೆ ಉಳಿದ ದೇಹಕ್ಕೆ ಏನಾಗುತ್ತದೆ? 1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಪಳಗಿದ ಕ್ರೀಡಾಪಟುಗಳಿಂದ ಅಭ್ಯಾಸ ಬಿಡಿಸಿ ಅಳೆದು ನೋಡಿದರು. ಓಟಗಾರರು ವಿಒ2 ಮ್ಯಾಕ್ಸ್ ಎನ್ನುವ, ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರದಲ್ಲಿ ಶೇ 7ರಷ್ಟು, ಎಂಟು ವಾರದಲ್ಲಿ ಶೇ 16ರಷ್ಟು ಇಳಿದಿತ್ತು. ಮೊದಲು ಕುಗ್ಗುವುದು ರಕ್ತದ ದ್ರವಭಾಗ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಆಗ ಕಡಿಮೆಯಾಗುತ್ತದೆ. ಸ್ನಾಯುಗಳೊಳಗಿನ ಬದಲಾವಣೆ ಆಮೇಲಿನದು. ಅಂದರೆ ಒಂದು ವಾರ ಸುಮ್ಮನೆ ಕೂತರೆ ಮುಳುಗಿಹೋಗುವುದೇನಿಲ್ಲ, ಎಂಟು ವಾರ ಕೂತರೆ ನಷ್ಟ ದೊಡ್ಡದು. ಸ್ಟ್ರೆಸ್ ಫ್ರ್ಯಾಕ್ಚರ್ ಕೇಳುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರ.

ನೀರಿನ ಓಟದ ಬೆಲೆ ಇರುವುದು ಈ ಅವಧಿಯಲ್ಲಿ. ಎಡ್ ಐಸ್ಟೋನ್ ಎಂಬ ಅಮೆರಿಕದ ಮ್ಯಾರಥಾನ್ ಓಟಗಾರ 1988 ಮತ್ತು 1992ರ ಒಲಿಂಪಿಕ್ಸ್‌ಗಳಲ್ಲಿ ಓಡಿದವರು, ಆಮೇಲೆ ಹೆಸರಾಂತ ಕೋಚ್ ಆದವರು. 1993ರಲ್ಲಿ ಅವರೂ ಜೊತೆಗಾರರೂ ಒಂದು ಅಧ್ಯಯನ ಪ್ರಕಟಿಸಿದರು. ಅಭ್ಯಾಸವಿದ್ದ ಓಟಗಾರರನ್ನು ಮೂರು ಗುಂಪು ಮಾಡಿ ಆರು ವಾರ ಒಂದು ಗುಂಪಿಗೆ ಓಟ, ಇನ್ನೊಂದಕ್ಕೆ ಸೈಕಲ್, ಮತ್ತೊಂದಕ್ಕೆ ನೀರಿನ ಓಟ ಕೊಟ್ಟರು. ಕೊನೆಗೆ ಎರಡು ಮೈಲಿ ಓಟದ ಸಮಯದಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಬರೀ ನೀರಿನಲ್ಲೇ ನಾಲ್ಕರಿಂದ ಆರು ವಾರ ಓಡಿಸಿದ ಬೇರೆ ಅಧ್ಯಯನಗಳಲ್ಲೂ ವಿಒ2 ಮ್ಯಾಕ್ಸ್ ಹಾಗೆಯೇ ಉಳಿಯಿತು. ಒಂದು ಮಾತು ಮಾತ್ರ ನೆನಪಿರಲಿ: ಇವೆಲ್ಲ ಆರೋಗ್ಯವಂತ ಓಟಗಾರರ ಮೇಲೆ, ಚಿಕ್ಕ ಗುಂಪುಗಳಲ್ಲಿ, ಆರು ವಾರದೊಳಗೆ ನಡೆದವು. ಅವರು ನೀರಿನಲ್ಲಿ ಮೈದಣಿಯುವಂತೆ ಓಡಿದವರು, ತೇಲುತ್ತ ಹರಟೆ ಹೊಡೆದವರಲ್ಲ.

ಹಾಗೆಂದು ಎಲ್ಲ ಸ್ಟ್ರೆಸ್ ಫ್ರ್ಯಾಕ್ಚರಿಗೂ ಈಜುಕೊಳ ಮದ್ದಲ್ಲ. ಎಲ್ಲಿ ಬಿರುಕು ಬಿಟ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಟಿಬಿಯಾದ ಒಳಬದಿಯ ಹಿಂಭಾಗ, ಪಾದದಲ್ಲಿ ಎರಡನೇ, ಮೂರನೇ ಬೆರಳುಗಳ ಹಿಂದಿನ ಉದ್ದ ಮೂಳೆಗಳು, ಹಿಮ್ಮಡಿ ಇವೆಲ್ಲ ವಿಶ್ರಾಂತಿ ಕೊಟ್ಟರೆ ಚೆನ್ನಾಗಿ ಕೂಡಿಕೊಳ್ಳುವ ಜಾಗಗಳು. ತೊಡೆಮೂಳೆಯ ಕತ್ತು, ಟಿಬಿಯಾದ ಮುಂಭಾಗ, ಪಾದದ ನಡುವಿನ ನೆವಿಕ್ಯುಲರ್ ಮೂಳೆ, ಕಿರುಬೆರಳ ಹಿಂದಿನ ಮೂಳೆಯ ಬುಡ ಇವು ಅಪಾಯದ ಜಾಗಗಳು. ಇಲ್ಲಿ ಬಿರುಕು ಪೂರ್ತಿ ಮುರಿತವಾಗಬಹುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಓಡುವಾಗ ತೊಡೆಸಂದಿನಲ್ಲಿ ಆಳದಲ್ಲೆಲ್ಲೋ ನೋವು ಬಂದು, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಹೆಚ್ಚಾಗುತ್ತಿದ್ದರೆ ಈಜುಕೊಳದ ದಾರಿಯೂ ಬೇಡ, ಸೈಕಲ್ಲೂ ಬೇಡ. ಮೊದಲು ಮೂಳೆತಜ್ಞರು, ಎಂಆರ್‌ಐ. ನೀರಿನಲ್ಲಿ ಹೊಡೆತವಿಲ್ಲ ನಿಜ, ಆದರೆ ತೊಡೆ ಎತ್ತುವ ಸ್ನಾಯುಗಳು ಆ ಮೂಳೆಯನ್ನು ಎಳೆಯುವುದು ತಪ್ಪುವುದಿಲ್ಲ.

ಈಗ ನೀರಿಗೆ ಇಳಿಯೋಣ. ಬೇಕಾದದ್ದು ಎರಡೇ: ಕಾಲು ತಳ ಮುಟ್ಟದಷ್ಟು ಆಳ, ಸೊಂಟಕ್ಕೆ ಕಟ್ಟುವ ತೇಲುವ ಬೆಲ್ಟ್. ಅಪಾರ್ಟ್‌ಮೆಂಟ್‌ಗಳ ಈಜುಕೊಳಗಳು ಹೆಚ್ಚಿನವು ನಾಲ್ಕು–ನಾಲ್ಕೂವರೆ ಅಡಿ. ಅಲ್ಲಿ ಮಾಡುವುದು ಎದೆಮಟ್ಟದ ನೀರಿನ ನಡಿಗೆ, ಆಳದ ಓಟವಲ್ಲ. ಅಲ್ಲಿ ಪಾದ ತಳಕ್ಕೆ ಬಡಿಯುತ್ತದೆ. ಹೊಡೆತ ನೆಲದಷ್ಟಿಲ್ಲದಿದ್ದರೂ ಮೊದಲ ವಾರಗಳಿಗೆ ಅದು ಕೂಡ ಬೇಡ. ಸ್ಟೇಡಿಯಂ, ಕ್ಲಬ್ಬುಗಳ ದೊಡ್ಡ ಕೊಳಗಳ ಆಳದ ತುದಿಯೇ ಬೇಕು. ಈಜು ಬಾರದವರು ಬೆಲ್ಟ್ ಇದೆ ಎಂಬ ಧೈರ್ಯದಿಂದ ಒಬ್ಬರೇ ಇಳಿಯಬಾರದು. ಲೈಫ್‌ಗಾರ್ಡ್‌ಗೆ ಹೇಳಿ, ಅಂಚಿನ ಪಕ್ಕದ ಸಾಲಿನಲ್ಲೇ ಇರಬೇಕು.

ಬೆಲ್ಟ್ ಬಿಗಿಯಾಗಿರಲಿ. ಸಡಿಲವಾದರೆ ಕಂಕುಳಿಗೆ ಏರಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ನೀರು ಭುಜದ ಮಟ್ಟಕ್ಕೆ ಬರಬೇಕು. ಬೆನ್ನು ನೆಟ್ಟಗಿದ್ದು, ಇಡೀ ಮೈ ತುಸುವೇ ಮುಂದಕ್ಕೆ ಬಾಗಿರಬೇಕು, ಸೊಂಟದಲ್ಲಿ ಮಡಚಿಕೊಳ್ಳಬಾರದು. ಮೊಣಕಾಲನ್ನು ಮುಂದಕ್ಕೆತ್ತಿ, ಪಾದವನ್ನು ಕೆಳಕ್ಕೂ ಹಿಂದಕ್ಕೂ ನೀರು ತಳ್ಳುವಂತೆ ಒಯ್ಯಬೇಕು. ಕಾಲು ದೇಹದ ಹಿಂದಕ್ಕೆ ಹೋಗಿ ಚಾಚಿಕೊಳ್ಳಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೊಣಕಾಲನ್ನು ಹೊಟ್ಟೆಯ ಮುಂದೆ ಮೇಲೆ ಕೆಳಗೆ ಆಡಿಸುತ್ತ ಪೆಡಲ್ ತುಳಿದಂತೆ ಮಾಡುತ್ತಾರೆ. ಅದರಿಂದ ತೊಡೆಯ ಹಿಂಭಾಗಕ್ಕೂ ಪೃಷ್ಠದ ಸ್ನಾಯುಗಳಿಗೂ ಕೆಲಸವೇ ಸಿಗುವುದಿಲ್ಲ. ಕೈಗಳು ಓಡುವಾಗಿನಂತೆ ಮೊಣಕೈ ಮಡಚಿ ಹಿಂದೆಮುಂದೆ ಆಡಬೇಕು, ಅಂಗೈಯಿಂದ ನೀರು ಬಾಚಬಾರದು. ಬಾಚಿದರೆ ಮುಂದಕ್ಕೆ ಬೇಗ ಸಾಗುತ್ತೀರಿ, ಆದರೆ ಓಡುತ್ತಿರುವುದು ಕೈ. ಸರಿಯಾಗಿ ಮಾಡಿದರೆ ಬಹಳ ನಿಧಾನವಾಗಿ ಮುಂದೆ ಹೋಗುತ್ತೀರಿ, ಪಕ್ಕದ ಸಾಲಿನ ಮಕ್ಕಳು ನಗುತ್ತಾರೆ. ಎರಡೂ ಒಳ್ಳೆಯ ಲಕ್ಷಣ.

ಎಷ್ಟು ಜೋರಾಗಿ ಓಡುತ್ತಿದ್ದೇವೆ ಎಂದು ಅಳೆಯುವಲ್ಲಿ ನೀರು ಮೋಸ ಮಾಡುತ್ತದೆ. ಕುತ್ತಿಗೆವರೆಗೆ ನೀರಿನಲ್ಲಿದ್ದಾಗ ನೀರಿನ ಒತ್ತಡ ಕಾಲುಗಳ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ಬರುವುದರಿಂದ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಬಡಿತಗಳ ಸಂಖ್ಯೆ ಕಡಿಮೆ ಸಾಕಾಗುತ್ತದೆ. ಅಷ್ಟೇ ಶ್ರಮಕ್ಕೆ ನೆಲದ ಮೇಲಿನದಕ್ಕಿಂತ ನಿಮಿಷಕ್ಕೆ ಸುಮಾರು 10ರಿಂದ 15 ಬಡಿತ ಕಡಿಮೆ ಕಾಣುತ್ತದೆ. ಕೊಳದ ನೀರು ತಂಪಾಗಿರುವುದೂ ಇದಕ್ಕೆ ಕಾರಣ. ಕೈಗಡಿಯಾರದಲ್ಲಿ ನೆಲದ ಓಟದ ಸಂಖ್ಯೆಯನ್ನೇ ಹುಡುಕಿದರೆ ಮಿತಿಮೀರಿ ಒದ್ದಾಡುತ್ತೀರಿ; ನಾಡಿ ಏರುತ್ತಿಲ್ಲ ಎಂದು ಬೇಸತ್ತರೆ ಆರಾಮಾಗಿ ತೇಲುತ್ತೀರಿ. ಹೆಚ್ಚು ನಂಬಬಹುದಾದದ್ದು ನಿಮ್ಮ ಉಸಿರೇ. ಪೂರ್ತಿ ವಾಕ್ಯ ಮಾತಾಡಬಹುದಾದರೆ ಸುಲಭದ ಓಟ, ಮೂರು–ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ಜೋರು. ಇದರ ಜೊತೆಗೆ ಒಂದು ನಿಮಿಷಕ್ಕೆ ಬಲ ಮೊಣಕಾಲು ಎಷ್ಟು ಸಲ ಮೇಲೆದ್ದಿತು ಎಂದು ಎಣಿಸಿ. ನೀರಿನ ತಡೆಯಿಂದಾಗಿ ಇದು ನೆಲದ ಮೇಲಿನ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ನಿಮ್ಮ ಸುಲಭದ ಎಣಿಕೆ ಎಷ್ಟು, ಜೋರಿನ ಎಣಿಕೆ ಎಷ್ಟು ಎಂದು ಮೊದಲ ವಾರದಲ್ಲೇ ಗುರುತು ಹಾಕಿಕೊಂಡರೆ ಮುಂದೆ ಅದೇ ಅಳತೆಗೋಲು.

ನೀರಿನಲ್ಲಿ ಒಂದೇ ಸಮ ಓಡುತ್ತ ಹೋದರೆ ಹತ್ತು ನಿಮಿಷದಲ್ಲಿ ಅರಿವಿಲ್ಲದೆ ವೇಗ ಇಳಿಯುತ್ತದೆ, ಮನಸ್ಸೂ ಬೇಸರಿಸುತ್ತದೆ. ಅದಕ್ಕೇ ಪಳಗಿದವರು ತುಂಡು ತುಂಡಾಗಿ ಓಡುತ್ತಾರೆ. ಹತ್ತು ನಿಮಿಷ ಸುಲಭದ ಓಟ, ಆಮೇಲೆ ಮೂರು ನಿಮಿಷ ಜೋರು, ಒಂದು ನಿಮಿಷ ನಿಧಾನ. ಹೀಗೆ ಆರು ಸಲ, ಕೊನೆಗೆ ಮತ್ತೆ ಐದು–ಹತ್ತು ನಿಮಿಷ ಸುಲಭ. ಬಿಡುವು ಚಿಕ್ಕದಾಗಿರಬೇಕು, ಏಕೆಂದರೆ ನೀರಿನ ಒತ್ತಡದಿಂದಾಗಿ ನಿಂತ ಕೂಡಲೇ ನಾಡಿ ಬೇಗ ಇಳಿದುಬಿಡುತ್ತದೆ. ನೆಲದ ಮೇಲೆ ಎರಡು–ಮೂರು ನಿಮಿಷ ಬಿಡುವು ತೆಗೆದುಕೊಳ್ಳುವವರಿಗೂ ಇಲ್ಲಿ ಒಂದು ನಿಮಿಷ ಸಾಕು. ಕಿಲೋಮೀಟರ್ ಲೆಕ್ಕ ಮರೆತುಬಿಡಿ. ನೆಲದ ಮೇಲೆ 50 ನಿಮಿಷ ಓಡುತ್ತಿದ್ದ ದಿನ ನೀರಿನಲ್ಲೂ 50 ನಿಮಿಷ, ಅಷ್ಟೇ.

ಪೆಟ್ಟಾಗುವುದು ನೀರಿನಲ್ಲಲ್ಲ, ನೀರಿನ ಅಂಚಿನಲ್ಲಿ. ಒದ್ದೆ ನೆಲದಲ್ಲಿ ಜಾರುವುದು, ಕೊಳಕ್ಕೆ ಧುಮುಕುವುದು, ತಿರುಗುವಾಗ ಗೋಡೆಗೆ ನೋವಿನ ಕಾಲೊತ್ತಿ ಚಿಮ್ಮುವುದು, ಕಬ್ಬಿಣದ ಏಣಿಯ ಮೆಟ್ಟಿಲ ಮೇಲೆ ಪಾದದ ಮುಂಭಾಗದಲ್ಲೇ ಇಡೀ ಭಾರ ಹಾಕುವುದು. ಪಾದದ ಮೂಳೆ ಬಿರುಕು ಬಿಟ್ಟವರಿಗೆ ಆ ಏಣಿಯೇ ಶತ್ರು. ಒಳ್ಳೆಯ ಕಾಲನ್ನು ಮೊದಲಿಟ್ಟು, ಕೈಯ ಬಲದಲ್ಲಿ ಮೇಲೆ ಬರಬೇಕು. ಕಾಲಿನ ರಕ್ಷಣೆಗೆಂದು ವೈದ್ಯರು ಬೂಟು ಹಾಕಿಕೊಳ್ಳಲು ಹೇಳಿದ್ದರೆ ಕೊಳದ ಅಂಚಿನವರೆಗೂ ಅದರಲ್ಲೇ ನಡೆಯಬೇಕು.

ಸೈಕಲ್ ವಿಚಾರ ಇಷ್ಟು ಸೂಕ್ಷ್ಮವಲ್ಲ, ಎಲ್ಲರಿಗೂ ಬರುವಂಥದ್ದು. ಆದರೆ ಬೆಂಗಳೂರಿನ ರಸ್ತೆಯ ಮೇಲೆ ಬೇಡ. ಗುಂಡಿ, ಸಿಗ್ನಲ್, ಅಡ್ಡ ಬರುವ ಆಟೋ ಇವುಗಳ ನಡುವೆ ದಿಢೀರನೆ ಕಾಲೂರಬೇಕಾದಾಗ ಊರುವುದು ನೋವಿನ ಕಾಲೇ ಆಗಿರಬಹುದು. ಜಿಮ್ಮಿನ ನಿಂತ ಸೈಕಲ್ ಅಥವಾ ಮನೆಯ ಟ್ರೇನರ್ ಸಾಕು. ಪೆಡಲ್ ಕೆಳತುದಿಗೆ ಬಂದಾಗ ಮೊಣಕಾಲು ತುಸು ಮಡಚಿರುವಷ್ಟು ಸೀಟು ಎತ್ತರವಿರಲಿ. ಹಗುರ ಗೇರಿನಲ್ಲಿ ನಿಮಿಷಕ್ಕೆ 85–95 ಸುತ್ತು ತಿರುಗಿಸಿ. ಭಾರದ ಗೇರಿನಲ್ಲಿ ಸೀಟಿನಿಂದೆದ್ದು ತುಳಿಯಬೇಡಿ, ಆಗ ಇಡೀ ಮೈಭಾರ ಒಂದೊಂದು ಕಾಲಿಗೆ ಬೀಳುತ್ತದೆ. ಪಾದದ ಮೂಳೆ ಬಿರುಕಿದ್ದರೆ ಪೆಡಲಿನ ಅಚ್ಚು ಸರಿಯಾಗಿ ಆ ಮೂಳೆಯ ತುದಿಯ ಕೆಳಗೇ ಒತ್ತುತ್ತದೆ. ಪಾದವನ್ನು ಮುಂದಕ್ಕೆ ಸರಿಸಿ, ಪಾದದ ನಡುಭಾಗದಿಂದ ತುಳಿಯಬೇಕು, ಗಟ್ಟಿ ಅಟ್ಟೆಯ ಶೂ ಹಾಕಬೇಕು. ಕೆಳಬೆನ್ನಿನ ಸೇಕ್ರಮ್ ಅಥವಾ ಸೊಂಟದ ಮೂಳೆಯಲ್ಲಿ ಬಿರುಕಿದ್ದರೆ ಸೀಟಿನ ಒತ್ತಡವೇ ನೋಯಿಸುತ್ತದೆ. ಅಂಥವರಿಗೆ, ವೈದ್ಯರು ಒಪ್ಪಿದ ಮೇಲೆ, ನೀರೇ ಮೇಲು.

ಇವೆರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಮತ ನೀರಿಗೆ. ಸೊಂಟ, ತೋಳು, ಬೆನ್ನು ಎಲ್ಲವೂ ಓಟದ ಲಯದಲ್ಲೇ ಕೆಲಸ ಮಾಡುತ್ತವೆ. ಸೈಕಲ್ಲಿನಲ್ಲಿ ತೊಡೆಯ ಮುಂಭಾಗ ಮೊದಲು ಸುಸ್ತಾಗುವುದರಿಂದ ಓಟಗಾರರಿಗೆ ಉಸಿರು ಏರುವ ಮುನ್ನವೇ ಕಾಲು ಸೋಲುತ್ತದೆ. ಆದರೆ ಈಜುಕೊಳ ದಿನಾ ಸಿಗುವುದಿಲ್ಲ, ಸೈಕಲ್ ಸಿಗುತ್ತದೆ. ಎಂಟು ವಾರಗಳಲ್ಲಿ ನಿಜವಾಗಿ ಎಷ್ಟು ದಿನ ಮಾಡಿದೆವು ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವುದರಿಂದ ಎರಡನ್ನೂ ಬೆರೆಸಿಕೊಳ್ಳುವುದು ಜಾಣತನ.

ಒಂದು ಉದಾಹರಣೆ ಹಿಡಿದು ನೋಡೋಣ. ಬೆಂಗಳೂರಿನ ಮೂವತ್ತೈದರ ಆಸುಪಾಸಿನ ಓಟಗಾರ್ತಿ ಒಬ್ಬರು ಎಂದಿಟ್ಟುಕೊಳ್ಳಿ. ಬೇಸಿಗೆಯ 10 ಕಿಲೋಮೀಟರ್ ಓಟಕ್ಕೆಂದು ವಾರಕ್ಕೆ 30 ಕಿಲೋಮೀಟರ್‌ನಿಂದ ಒಂದೇ ತಿಂಗಳಲ್ಲಿ 50ಕ್ಕೆ ಏರಿದ್ದಾರೆ. ಟಿಬಿಯಾದ ಒಳಬದಿಯಲ್ಲಿ, ಕೆಳಗಿನ ಮೂರನೇ ಒಂದು ಭಾಗದಲ್ಲಿ ನೋವು. ಬೆರಳಲ್ಲಿ ಒತ್ತಿದರೆ ನಾಣ್ಯದಷ್ಟು ಜಾಗದಲ್ಲಿ ಚುರ್ ಎನ್ನುತ್ತದೆ. ಎಂಆರ್‌ಐನಲ್ಲಿ ಮೂಳೆಯೊಳಗೆ ಊತ ಕಾಣಿಸಿದೆ, ಬಿರುಕಿನ ಗೆರೆ ಇಲ್ಲ. ವೈದ್ಯರು ಎರಡು ವಾರ ಬೂಟು ಹಾಕಲು, ಆರು ವಾರ ಓಡದಿರಲು ಹೇಳಿದ್ದಾರೆ.

ಮೊದಲ ವಾರ ಏನೂ ಬೇಡ. ಬೂಟಿನಲ್ಲಿ ನೋವಿಲ್ಲದೆ ನಡೆಯುವುದೇ ಆ ವಾರದ ಕೆಲಸ. ಎರಡನೇ ವಾರ ಮೂರು ದಿನ ನೀರು, ಪ್ರತಿ ಸಲ 25 ನಿಮಿಷ, ಎಲ್ಲವೂ ಸುಲಭದ ಓಟ. ಪರೀಕ್ಷೆ ನಡೆಯುವುದು ಮರುದಿನ ಬೆಳಿಗ್ಗೆ: ಅದೇ ಜಾಗ ಒತ್ತಿದರೆ ಹಿಂದಿನ ದಿನಕ್ಕಿಂತ ಹೆಚ್ಚು ನೋಯುತ್ತಿದೆಯೇ? ಹೌದಾದರೆ ನೀರೂ ಬೇಗವಾಯಿತು ಎಂದರ್ಥ. ಪಾದವನ್ನು ನೀರಿಗೆದುರಾಗಿ ಜೋರಾಗಿ ಒದೆಯುವಾಗ ಮೀನಖಂಡ ಎಳೆಯುವುದು ಇದೇ ಮೂಳೆಯ ಸುತ್ತಲಿನ ಭಾಗವನ್ನು. ಮೂರನೇ, ನಾಲ್ಕನೇ ವಾರ ಬೂಟಿಲ್ಲದೆ ಮನೆಯೊಳಗೆ ನೋವಿಲ್ಲದೆ ನಡೆಯುವಂತಾದರೆ ನೀರು ನಾಲ್ಕು ದಿನ, 40–45 ನಿಮಿಷ. ಅದರಲ್ಲಿ ಎರಡು ದಿನ ಮೇಲೆ ಹೇಳಿದ ತುಂಡು ಓಟ. ಎರಡು ದಿನ ಹಗುರ ಗೇರಿನ ಸೈಕಲ್, ತಲಾ 40 ನಿಮಿಷ. ಐದನೇ, ಆರನೇ ವಾರ ಭಾನುವಾರದ ಉದ್ದ ಓಟದ ಬದಲು ನೀರಿನಲ್ಲಿ 75 ನಿಮಿಷ. ಸೈಕಲ್ಲಿನಲ್ಲಿ ಒಂದು ದಿನ ನಾಲ್ಕು ನಿಮಿಷದ ಜೋರು, ಎರಡು ನಿಮಿಷದ ಬಿಡುವು, ಐದು ಸಲ. ಇಷ್ಟು ಮಾಡಿದರೆ ಅವರ ಹೃದಯಕ್ಕೆ, ಉಸಿರಿಗೆ ಹೆಚ್ಚೇನೂ ನಷ್ಟವಾಗಿರುವುದಿಲ್ಲ.

ಆದರೆ ಈ ಆರು ವಾರಗಳಲ್ಲಿ ಅವರ ಕಾಲು ಒಂದು ಸಲವೂ ನೆಲಕ್ಕೆ ಬಡಿದಿಲ್ಲ. ಪಾದ ನೆಲ ಮುಟ್ಟಿದಾಗ ಮೀನಖಂಡ ಹಿಗ್ಗುತ್ತಲೇ ಬಿಗಿಹಿಡಿಯುವ ಒಂದು ಬಗೆಯ ಕೆಲಸವಿದೆ. ಅದು ನೀರಿನಲ್ಲೂ ಇಲ್ಲ, ಸೈಕಲ್ಲಿನಲ್ಲೂ ಇಲ್ಲ. ಹಾಗಾಗಿ ನಾಲ್ಕನೇ ವಾರದ ಹೊತ್ತಿಗೆ, ನೋವಿಲ್ಲ ಎಂದಾದ ಮೇಲೆ, ಫಿಸಿಯೋ ಕಣ್ಗಾವಲಿನಲ್ಲಿ ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ ಶುರುವಾಗಬೇಕು. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂಟಿಕಾಲಿನಲ್ಲಿ, ನಿಧಾನವಾಗಿ ಇಳಿಸುತ್ತ. ಮೊಣಕಾಲು ಮಡಚಿ ಒಂದು ಸುತ್ತು, ನೆಟ್ಟಗಿಟ್ಟು ಒಂದು ಸುತ್ತು. ಇದನ್ನು ಬಿಟ್ಟವರು ಆಮೇಲೆ ಮೀನಖಂಡ ಹಿಡಿದು ಕೂರುತ್ತಾರೆ.

ಏಳನೇ ವಾರ ಓಡಬಹುದೇ? ಮೂರು ಪರೀಕ್ಷೆಗಳಿವೆ. ಒತ್ತಿದರೆ ನೋವಿರಬಾರದು. ಅರ್ಧ ಗಂಟೆ ಬಿರುಸಾಗಿ ನಡೆದರೆ ಆಗಲೂ ಮರುದಿನವೂ ನೋವಿರಬಾರದು. ಆ ಕಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಿದರೆ ನೋವಿರಬಾರದು. ಮೂರೂ ಪಾಸಾಗಿ ವೈದ್ಯರೂ ಒಪ್ಪಿದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ದಿನ ಬಿಟ್ಟು ದಿನ. ನಡುವಿನ ದಿನಗಳಲ್ಲಿ ನೀರು, ಸೈಕಲ್. ಒಂದು ದಿನದ ಬಿಡುವು ಮೂಳೆಗೆ ಬೇಕೇ ಬೇಕು. ಭಾರ ಬಿದ್ದ ಮೇಲೆ ಮರುಕಟ್ಟುವ ಕೆಲಸಕ್ಕೆ ಅದಕ್ಕೆ ಸಮಯ ಸಿಗಬೇಕು. ಓಟದ ನಿಮಿಷ ಹೆಚ್ಚಿಸುತ್ತ, ನಡಿಗೆ ಕಡಿಮೆ ಮಾಡುತ್ತ ಹೋದರೆ ಹತ್ತನೇ ವಾರದ ಹೊತ್ತಿಗೆ ಎಡೆಬಿಡದೆ ಅರ್ಧ ಗಂಟೆ. ವೇಗದ ಓಟ, ಇಳಿಜಾರು ಅದಾದ ಮೇಲಿನ ಮಾತು. ಈ ಲೆಕ್ಕದಲ್ಲಿ ಅವರ ಬೇಸಿಗೆಯ ಓಟ ಕೈಬಿಟ್ಟು ಹೋಯಿತು. ಅದನ್ನು ಮೊದಲ ವಾರದಲ್ಲೇ ಒಪ್ಪಿಕೊಂಡರೆ ಅರ್ಧ ಸಂಕಟ ತಪ್ಪುತ್ತದೆ.

ಕೆಡುವುದು ಹೀಗೆ: ಏಳನೇ ವಾರ ಮೊದಲ ಒಂದು ನಿಮಿಷದ ಓಟ ಓಡಿದಾಗ ಉಸಿರೇ ಏರುವುದಿಲ್ಲ. ನೀರಿನ ಓಟ ಚೆನ್ನಾಗಿ ಕೆಲಸ ಮಾಡಿದೆಯಲ್ಲ! ಎರಡು ನಿಮಿಷ ನಡೆಯುವುದು ನಾಚಿಕೆ ಅನಿಸುತ್ತದೆ. ಭಾನುವಾರ ಗೆಳೆಯರ ಗುಂಪು ಕಬ್ಬನ್ ಪಾರ್ಕಿನಲ್ಲಿ ಎಂಟು ಕಿಲೋಮೀಟರಿಗೆ ಕರೆಯುತ್ತದೆ. ಓಡಿದಾಗಲೂ ಏನೂ ಆಗುವುದಿಲ್ಲ. ಮಂಗಳವಾರ ಅದೇ ಜಾಗದಲ್ಲಿ, ಅದೇ ನಾಣ್ಯದಗಲದಲ್ಲಿ ನೋವು. ಸುಮ್ಮನೆ ಆರು ವಾರ ಮಲಗಿದ್ದವರು ಏದುಸಿರು ಬಿಟ್ಟು ತಾವಾಗಿಯೇ ನಿಂತುಬಿಡುತ್ತಿದ್ದರು. ಬದಲಿ ವ್ಯಾಯಾಮ ಮಾಡಿದವರಿಗೆ ಆ ಕಡಿವಾಣ ಇರುವುದಿಲ್ಲ. ಅವರನ್ನು ತಡೆಯುವುದು ಗಡಿಯಾರವೊಂದೇ. ಸ್ನಾಯುನೋವೋ ಮೂಳೆನೋವೋ ಎಂದು ತಿಳಿಯುವುದು ಕಷ್ಟವೇನಲ್ಲ. ಸ್ನಾಯುನೋವು ಅಗಲವಾಗಿ ಹರಡಿಕೊಂಡಿದ್ದು, ಓಡುತ್ತ ಬಿಸಿಯಾದಂತೆ ಕಡಿಮೆಯಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ. ಮೂಳೆನೋವು ಒಂದೇ ಬಿಂದುವಿನಲ್ಲಿದ್ದು ಓಡಿದಷ್ಟೂ ಹೆಚ್ಚುತ್ತದೆ, ರಾತ್ರಿ ಮಲಗಿದಾಗಲೂ ಮಿಡಿಯಬಹುದು. ಎರಡನೆಯದಾದರೆ ಅಂದೇ ಓಟ ನಿಲ್ಲಿಸಿ ನೀರಿಗೆ ಮರಳಬೇಕು.

ಇನ್ನೊಂದು ಎಚ್ಚರ. ಓಟ ನಿಂತಿದೆಯೆಂದು ತೂಕ ಏರುವ ಭಯದಿಂದ ಊಟ ಕಡಿಮೆ ಮಾಡಿ, ಜೊತೆಗೆ ದಿನಕ್ಕೆ ಎರಡು ಹೊತ್ತು ನೀರು, ಸೈಕಲ್ ಎಂದು ದೇಹ ದಂಡಿಸುವವರಿದ್ದಾರೆ. ಹೊಸ ಮೂಳೆ ಕಟ್ಟಲೂ ಶಕ್ತಿ ಬೇಕು. ತಿಂದದ್ದೆಲ್ಲ ವ್ಯಾಯಾಮಕ್ಕೇ ಖರ್ಚಾದರೆ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಮೂಳೆಯದೂ ಒಂದು. ಹೆಣ್ಣುಮಕ್ಕಳಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪಿದ್ದರೆ ಅದು ಇದೇ ಕೊರತೆಯ ಸೂಚನೆಯಾಗಿರಬಹುದು. ಮೂಳೆತಜ್ಞರಿಗೆ ಅದನ್ನು ಸಂಕೋಚವಿಲ್ಲದೆ ಹೇಳಬೇಕು. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯ, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಎರಡನೇ ಸಲ ಸ್ಟ್ರೆಸ್ ಫ್ರ್ಯಾಕ್ಚರ್ ಆದವರು ಶೂ ಬದಲಿಸುವ ಮುನ್ನ ಇವೆರಡನ್ನು ನೋಡಿಸಿಕೊಳ್ಳಲಿ.

ಕೊನೆಗೆ ಈಜುಕೊಳ ನಡೆಸುವವರಲ್ಲಿ ಒಂದು ಕೋರಿಕೆ. ಬೇಸಿಗೆ ಶಿಬಿರ ಶುರುವಾದ ಕೂಡಲೇ ಆಳದ ತುದಿಗೆ ಹಗ್ಗ ಕಟ್ಟಿ ಮುಚ್ಚುವುದು, ‘ಈಜದವರು ಇಳಿಯುವಂತಿಲ್ಲ’ ಎಂದು ಬೆಲ್ಟ್ ಕಟ್ಟಿಕೊಂಡವರನ್ನು ಹಿಂದೆ ಕಳಿಸುವುದು ಹಲವೆಡೆ ನಡೆದೇ ಇದೆ. ಅಂಚಿನ ಒಂದು ಸಾಲು, ಬೆಳಿಗ್ಗೆ ಒಂದು ಗಂಟೆ, ವೈದ್ಯರ ಚೀಟಿ ತಂದವರಿಗೆ ಮೀಸಲಿಟ್ಟರೆ ಸಾಕು. ಓಟಗಾರರಿಗಷ್ಟೇ ಅಲ್ಲ, ಮೊಣಕಾಲು ನೋವಿನ ಹಿರಿಯರಿಗೂ ಅದು ಬಳಕೆಗೆ ಬರುತ್ತದೆ.